ಕತೆಗಾರನೂ ಸರಿ, ಕಥಾಸಂಕಲನವೂ ಸರಿ

"ನನ್ನ ಬರಹ ನೋಡಿಕೊಟ್ಟವರು ಒಂದೇ ಪುಟದಲ್ಲಿ 'ಕಥೆಗಾರ'ನನ್ನು 'ಕತೆಗಾರ' ಅಂತ ತಿದ್ದಿದ್ದಾರೆ, 'ಕಥಾಸಂಕಲನ' ಮಾತ್ರ ಹಾಗೇ ಬಿಟ್ಟಿದ್ದಾರೆ. 'ಪ್ರಾಮುಖ್ಯತೆ' ಕೆಳಗೆ ಕೆಂಪು ಗೆರೆ ಬೇರೆ. ತತ್ಸಮ, ತದ್ಭವ ಅಂದರೇನು ಅಂತ ಸ್ಕೂಲಲ್ಲಿ ಓದಿದ್ದೀನಿ, ಆದರೆ ಬರೆಯೋವಾಗ ಅದರಿಂದ ಏನು ವ್ಯತ್ಯಾಸ? ಎಲ್ಲಾ ತದ್ಭವಕ್ಕೆ ಬದಲಾಯಿಸಿಬಿಡಲಾ?"

ಬದಲಾಯಿಸಬೇಡಿ, ಅದರಲ್ಲೂ ಫೈಂಡ್-ರಿಪ್ಲೇಸ್ ಒತ್ತಿ ಅಂತೂ ಬೇಡವೇ ಬೇಡ. ತಿದ್ದಿದವರು ಎರಡು ಕಡೆಯೂ ಸರಿಯಾಗಿಯೇ ತಿದ್ದಿದ್ದಾರೆ. 'ಕಥೆಗಾರ' ಅಂತ ಇದ್ದಿದ್ದರೂ ತಪ್ಪೇನಿರಲಿಲ್ಲ, ಅದು ಅವರ ರುಚಿ. ಆದರೆ 'ಕಥಾಸಂಕಲನ'ವನ್ನು ಬಿಟ್ಟಿದ್ದು ರುಚಿಯಲ್ಲ, ಅಲ್ಲಿ ಬೇರೆ ದಾರಿ ಇಲ್ಲ.

ಈ ಪದಕ್ಕೆ ಕನ್ನಡದಲ್ಲಿ ಮೂರು ರೂಪ ಇವೆ: ಕಥಾ, ಕಥೆ, ಕತೆ. ಸಂಸ್ಕೃತದ 'ಕಥಾ' ಕನ್ನಡದಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ. 'ನಾನೊಂದು ಕಥಾ ಬರೆದೆ' ಅಂತ ಯಾರೂ ಬರೆಯಲ್ಲ. ಕೊನೆಯ ಆ-ಕಾರ ಎ-ಕಾರ ಆಗಿ 'ಕಥೆ' ಆಗುತ್ತದೆ. ಭಾಷಾ ಹೋಗಿ ಭಾಷೆ, ಕಲಾ ಹೋಗಿ ಕಲೆ, ಸೇನಾ ಹೋಗಿ ಸೇನೆ, ಎಲ್ಲ ಇದೇ ದಾರಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಹಾಪ್ರಾಣವನ್ನೂ ಬಿಟ್ಟರೆ 'ಕತೆ'. ಈ ಪ್ರಶ್ನೆಗೆ ನನಗಿಂತ ಮೊದಲೇ ಉತ್ತರ ಬರೆದ ಮೇಷ್ಟ್ರು ಹೇಳಿದ್ದೂ ಇದನ್ನೇ: 'ಕಥೆ' ಕೂಡ ಪೂರ್ತಿ ಸಂಸ್ಕೃತ ಅಲ್ಲ, ಅದೂ ಆಗಲೇ ಕನ್ನಡದ ಬಾಗಿಲು ದಾಟಿದೆ.

ಈಗ ಮುಖ್ಯ ವಿಷಯ. ಪದದ ಮುಂದೆ ಏನು ಸೇರುತ್ತದೆ ಅನ್ನುವುದರ ಮೇಲೆ ಈ ಮೂರರಲ್ಲಿ ಯಾವುದು ಅನ್ನುವುದು ತೀರ್ಮಾನ ಆಗುತ್ತದೆ. ಮುಂದೆ ಬರುವುದು ಸಂಸ್ಕೃತ ಪದವಾದರೆ ಹಳೆಯ ಆ-ಕಾರ ವಾಪಸ್ ಬರುತ್ತದೆ: ಕಥಾಸಂಕಲನ, ಕಥಾವಸ್ತು, ಭಾಷಾಶಾಸ್ತ್ರ, ಸೇನಾಪತಿ. ಮುಂದೆ ಬರುವುದು ಕನ್ನಡದ ಪ್ರತ್ಯಯವಾದರೆ ಎ-ಕಾರವೇ ಉಳಿಯುತ್ತದೆ: ಕತೆಗಾರ, ಕತೆಗಳು, ಕತೆಯಲ್ಲಿ. 'ಕಥಾಗಾರ' ಆಗಲ್ಲ, 'ಕತೆಸಂಕಲನ' ಕಿವಿಗೆ ಕಚ್ಚುತ್ತದೆ, 'ಕತಾಸಂಕಲನ' ಅಂತೂ ಎಲ್ಲಿಗೂ ಸೇರದ್ದು. ಕಾರ ಮತ್ತು ಗಾರ ಕೂಡ ಹೀಗೇ. ಕಥಾ ಜೊತೆ ಕಾರ ಸೇರಿ ಕಥಾಕಾರ, ಕತೆ ಜೊತೆ ಗಾರ ಸೇರಿ ಕತೆಗಾರ. ಕಲಾಕಾರ, ಕಲೆಗಾರ ಇನ್ನೊಂದು ಜೋಡಿ. ಅಡ್ಡಡ್ಡ ಜೋಡಿಸಿದರೆ ಕೆಡುತ್ತದೆ.

ಆಸೆ ಅನ್ನುವ ಪದದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಬ್ಬ ಆಶಾವಾದಿ, ಇನ್ನೊಬ್ಬ ಆಸೆಬುರುಕ. ಇಬ್ಬರ ಮೂಲವೂ ಒಂದೇ. 'ವಾದಿ' ಸಂಸ್ಕೃತ, ಅದಕ್ಕೆ ಶ-ಕಾರವೂ ಆ-ಕಾರವೂ ಬೇಕು. 'ಬುರುಕ' ಕನ್ನಡ, ಅದಕ್ಕೆ 'ಆಸೆ'ಯೇ ಹೊಂದುವುದು. ಅದಲು ಬದಲು ಮಾಡಿ 'ಆಸೆವಾದಿ', 'ಆಶಾಬುರುಕ' ಅಂತ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ, ನಗು ಬರುತ್ತೆ.

ಸಂಸ್ಕೃತ, ಕನ್ನಡ ಪದಗಳನ್ನು ಹೀಗೆ ಬೆರೆಸಿ ಸಮಾಸ ಮಾಡುವುದಕ್ಕೆ ಹಳೆಯ ವ್ಯಾಕರಣಕಾರರು ಅರಿಸಮಾಸ ಅಂತ ಹೆಸರಿಟ್ಟು ಬೈದಿದ್ದಾರೆ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಇದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದಂತೆ ಅನ್ನುವ ಮಾತಿದೆ. ಹಾಗಂತ ಈಗಿನ ಬರವಣಿಗೆಯಲ್ಲಿ ಅಷ್ಟು ಬಿಗಿ ಉಳಿದಿಲ್ಲ. 'ಶಾಲಾ ಮಕ್ಕಳು' ಅಂತ ಎಲ್ಲರೂ ಬರೆಯುತ್ತಾರೆ, ಮಕ್ಕಳು ಅಪ್ಪಟ ಕನ್ನಡ. 'ಚುನಾವಣಾ ಆಯೋಗ' ಇನ್ನೂ ತಮಾಷೆ. ಚುನಾವಣೆ ಸಂಸ್ಕೃತದ್ದಲ್ಲ, ಹಿಂದಿಯ ಚುನಾವ್ ನೆಂಟ. ಎ-ಕಾರ ಕಂಡಿದ್ದೇ ತಡ, ಅದಕ್ಕೂ ಆ-ಕಾರದ ಅಂಗಿ ತೊಡಿಸಿದ್ದೇವೆ. ಇಂಥವು ನಿಂತುಬಿಟ್ಟಿವೆ, ತಿದ್ದಲು ಹೋಗಬೇಡಿ. ಹೊಸದಾಗಿ ನೀವೇ ಒಂದು ಪದ ಜೋಡಿಸುವಾಗ ಮಾತ್ರ ನಿಯಮ ನೆನಪಿರಲಿ.

ಇನ್ನು ಫೈಂಡ್-ರಿಪ್ಲೇಸ್ ಯಾಕೆ ಬೇಡ ಅಂದೆ ಅಂತ ನೋಡೋಣ. ನೀವು ಹಾಕಿರುವ ಪುಟದಲ್ಲೇ ಈ ಸಾಲುಗಳಿವೆ:

"ಕಥೆಗಾರನ ಧ್ವನಿ ಇಡೀ ಕಥಾಸಂಕಲನದಲ್ಲಿ ಪ್ರತಿಧ್ವನಿಸುತ್ತದೆ. ಓದುಗನಿಗೆ ಆಶ್ಚರ್ಯವಾಗುತ್ತದೆ. ಆಶ್ಚರ್ಯದಿಂದಲೇ ಪುಟ ತಿರುವುತ್ತಾನೆ."

ಥ ಇದ್ದಲ್ಲಿ ತ, ಧ್ವನಿ ಇದ್ದಲ್ಲಿ ದನಿ, ಆಶ್ಚರ್ಯ ಇದ್ದಲ್ಲಿ ಅಚ್ಚರಿ ಅಂತ ಒಂದೇ ಏಟಿಗೆ ಬದಲಾಯಿಸಿದರೆ ಹೀಗಾಗುತ್ತದೆ:

"ಕತೆಗಾರನ ದನಿ ಇಡೀ ಕತಾಸಂಕಲನದಲ್ಲಿ ಪ್ರತಿದನಿಸುತ್ತದೆ. ಓದುಗನಿಗೆ ಅಚ್ಚರಿವಾಗುತ್ತದೆ. ಅಚ್ಚರಿದಿಂದಲೇ ಪುಟ ತಿರುವುತ್ತಾನೆ."

ಇಲ್ಲಿ ಎರಡು ಥರದ ತಪ್ಪು ಆಗಿದೆ. ಕತಾಸಂಕಲನ, ಪ್ರತಿದನಿ ಇವು ಸಂಸ್ಕೃತದ ಜೊತೆಗಾರನ ಪಕ್ಕ ತದ್ಭವವನ್ನು ತಂದು ಕೂರಿಸಿದ ತಪ್ಪು. ದನಿಗೆ ಕನ್ನಡದಲ್ಲಿ ತನ್ನದೇ ಜೋಡಿ ಇದೆ, ಮಾರ್ದನಿ. ಪ್ರತಿ ಬಂದರೆ ಧ್ವನಿ, ಮಾರು ಬಂದರೆ ದನಿ. ಎರಡನೇ ತಪ್ಪು ವಿಭಕ್ತಿಯದ್ದು, ಇದನ್ನು ಜನ ಜಾಸ್ತಿ ಗಮನಿಸಲ್ಲ. ಆಶ್ಚರ್ಯ ಅ-ಕಾರದಲ್ಲಿ ಮುಗಿಯುತ್ತದೆ, ಹಾಗಾಗಿ ನಡುವೆ ವ-ಕಾರವೋ ದ-ಕಾರವೋ ಬರುತ್ತದೆ: ಆಶ್ಚರ್ಯವಾಗಿ, ಆಶ್ಚರ್ಯದಿಂದ. ಅಚ್ಚರಿ ಇ-ಕಾರದಲ್ಲಿ ಮುಗಿಯುತ್ತದೆ, ಅದಕ್ಕೆ ಯ-ಕಾರ ಬೇಕು: ಅಚ್ಚರಿಯಾಗಿ, ಅಚ್ಚರಿಯಿಂದ. ತದ್ಭವ ಆಗುವಾಗ ಎಷ್ಟೋ ಪದಗಳ ಕೊನೆಯ ಸ್ವರವೇ ಬದಲಾಗುತ್ತದೆ, ಆಗ ಅಂಟಿದ ಬಾಲವೂ ಬದಲಾಗಬೇಕು. ಪುಸ್ತಕದಲ್ಲಿ ಅಂತೀವಿ, ಹೊತ್ತಗೆಯಲ್ಲಿ ಅಂತೀವಿ. ಕೊನೆ ಬದಲಾಗದಿದ್ದರೆ ಈ ತಲೆನೋವಿಲ್ಲ: ಸ್ವರ್ಗದಲ್ಲಿ, ಸಗ್ಗದಲ್ಲಿ.

ನಾನಾದರೆ ನಿಮ್ಮ ಸಾಲನ್ನು ಹೀಗೆ ಬರೆಯುತ್ತೇನೆ: "ಕತೆಗಾರನ ದನಿ ಇಡೀ ಸಂಕಲನದಲ್ಲಿ ಮಾರ್ದನಿಸುತ್ತದೆ. ಓದುಗನಿಗೆ ಅಚ್ಚರಿಯಾಗುತ್ತದೆ. ಅಚ್ಚರಿಯಿಂದಲೇ ಪುಟ ತಿರುವುತ್ತಾನೆ." ನಿಮ್ಮ ಮೊದಲ ಸಾಲುಗಳೂ ಹಾಗೇ ಇದ್ದರೆ ತಪ್ಪಿಲ್ಲ. ಒಂದು ಪುಟದಲ್ಲಿ ಕತೆ, ಇನ್ನೊಂದರಲ್ಲಿ ಕಥೆ ಅಂತ ಮಾತ್ರ ಮಾಡಬೇಡಿ, ಒಂದನ್ನು ಹಿಡಿದುಕೊಳ್ಳಿ.

"ಮಹಾಪ್ರಾಣ ಇದ್ದರೆ ತತ್ಸಮ, ಇಲ್ಲದಿದ್ದರೆ ತದ್ಭವ, ಅಷ್ಟೇ" ಅಂತ ಇದೇ ಪ್ರಶ್ನೆಗೆ ಇನ್ನೊಬ್ಬರು ಒಂದೇ ಸಾಲಲ್ಲಿ ಉತ್ತರ ಮುಗಿಸಿದ್ದಾರಲ್ಲ, ಅದು ಅರ್ಧ ಸರಿ. ತದ್ಭವದಲ್ಲಿ ಸಾಮಾನ್ಯವಾಗಿ ಮಹಾಪ್ರಾಣ ಉಳಿಯಲ್ಲ, ಒಪ್ಪಿದೆ. ಅದಕ್ಕೇ 'ಧನಿ' ಅಂತ ಬರೆದರೆ ಅದು ದನಿ ಆಗಲ್ಲ, ಧನ ಇರುವವನು ಆಗುತ್ತಾನೆ. ಆದರೆ ತಿರುಗಿಸಿ ಹೇಳಲು ಬರಲ್ಲ. ಕಮಲ, ನಗರ, ಸುಂದರ ಇವುಗಳಲ್ಲಿ ಮಹಾಪ್ರಾಣ ಎಲ್ಲಿದೆ? ಎಲ್ಲವೂ ತತ್ಸಮ. ಖರ್ಚು, ಖಾಲಿ ಇವುಗಳಲ್ಲಿ ಮಹಾಪ್ರಾಣ ಇದೆ, ಸಂಸ್ಕೃತಕ್ಕೂ ಅವಕ್ಕೂ ಸಂಬಂಧ ಇಲ್ಲ. ಅಕ್ಷರ ನೋಡಿ ಜಾತಿ ಹೇಳುವುದು ಅಷ್ಟು ಸುಲಭ ಅಲ್ಲ.

ಪ್ರತ್ಯಯಗಳ ಬಗ್ಗೆ ಒಂದು ಮಾತು. ಕನ್ನಡದ ಪ್ರತ್ಯಯ ಧಾರಾಳಿ, ಯಾವ ಮನೆಗೂ ಹೋಗುತ್ತದೆ. ಬಡತನ, ಜಾಣತನ ಇದ್ದ ಹಾಗೆ ಮೂರ್ಖತನವೂ ಇದೆ, ಮೂರ್ಖ ಸಂಸ್ಕೃತವಾದರೂ. ಸಂಸ್ಕೃತದ 'ತೆ', 'ತ್ವ' ಹಾಗಲ್ಲ. ಸರಳತೆ, ಮುಗ್ಧತೆ, ಗುರುತ್ವ ಆಗುತ್ತದೆ, 'ಬಡತೆ', 'ಜಾಣತ್ವ' ಆಗಲ್ಲ. 'ನಡತೆ, ಅಳತೆ, ಕೊರತೆ ಇದೆಯಲ್ಲ' ಅಂತ ಯಾರಾದರೂ ಕೇಳಬಹುದು. ಅದು ಬೇರೆ 'ತೆ', ಕ್ರಿಯಾಪದಕ್ಕೆ ಹತ್ತುವ ನಮ್ಮದೇ ಪ್ರತ್ಯಯ. ನೋಡಲು ಮಾತ್ರ ಒಂದೇ. ಇನ್ನು 'ವಂತ' ಬಂದಿದ್ದು ಸಂಸ್ಕೃತದಿಂದಲೇ ಆದರೂ ಇಲ್ಲೇ ಊರು ಮಾಡಿಕೊಂಡಿದೆ. ಸಂಸ್ಕೃತದ ಲೆಕ್ಕದಲ್ಲಿ ಇ-ಕಾರದ ಮುಂದೆ 'ಮಂತ' ಬರಬೇಕು, ಶ್ರೀಮಂತ, ಧೀಮಂತ ಅಂದ ಹಾಗೆ. ಕನ್ನಡ ಮಾತ್ರ ಯಾರನ್ನೂ ಕೇಳದೆ ಸಿರಿವಂತ, ಬುದ್ಧಿವಂತ ಅಂದುಬಿಟ್ಟಿತು.

ಈಗ ಕೆಂಪು ಗೆರೆ. ಪ್ರಮುಖ ಅನ್ನುವ ಗುಣವಾಚಕದಿಂದ ಭಾವನಾಮ ತರಲು ಎರಡು ದಾರಿ: 'ತೆ' ಹಚ್ಚಿ ಪ್ರಮುಖತೆ ಅನ್ನಬಹುದು, ಇಲ್ಲವೇ ಮೊದಲ ಸ್ವರ ಹಿಗ್ಗಿಸಿ ಕೊನೆಗೆ ಯ-ಕಾರ ಸೇರಿಸಿ ಪ್ರಾಮುಖ್ಯ ಅನ್ನಬಹುದು. 'ಪ್ರಾಮುಖ್ಯತೆ' ಎರಡನ್ನೂ ಒಟ್ಟಿಗೆ ಮಾಡುತ್ತದೆ. ವೈವಿಧ್ಯತೆ, ವೈಶಿಷ್ಟ್ಯತೆ, ಐಕ್ಯತೆ, ಸಾಮ್ಯತೆ ಇವುಗಳದ್ದೂ ಇದೇ ಕತೆ. ಗುರುತಿಸುವುದು ಹೀಗೆ: 'ತೆ' ತೆಗೆದು ನೋಡಿ. ಉಳಿದದ್ದು ತಾನೇ ಒಂದು ನಾಮಪದವಾಗಿ ನಿಂತರೆ 'ತೆ' ಹೆಚ್ಚುವರಿ. 'ಇದಕ್ಕೆ ಪ್ರಾಮುಖ್ಯ ಕೊಡಿ' ನಿಂತಿತು. ಯೋಗ್ಯತೆ, ಮಾನ್ಯತೆ, ಸಾಧ್ಯತೆ ಇವುಗಳಲ್ಲೂ ಯ-ಕಾರ ಇದೆ, ಆದರೆ ಯೋಗ್ಯ, ಮಾನ್ಯ, ಸಾಧ್ಯ ಗುಣವಾಚಕಗಳು. 'ಅವನಿಗೆ ಯೋಗ್ಯ ಇದೆ' ಅನ್ನಕ್ಕಾಗಲ್ಲ, ಅಲ್ವಾ? ಹಾಗಾಗಿ ಅಲ್ಲಿ 'ತೆ' ಬೇಕೇ ಬೇಕು.

ಮೇಷ್ಟ್ರಿಗೂ ನನಗೂ ಜಗಳ ಇರುವುದು ಇಲ್ಲೇ. ಬಳಕೆಯಲ್ಲಿ ಬೇರೂರಿದ ಮೇಲೆ ಪ್ರಾಮುಖ್ಯತೆಯನ್ನು ಒಪ್ಪಿಕೊಳ್ಳಬೇಕು ಅಂತ ನಾನು, 'ಸೌಂದರ್ಯತೆ'ಯನ್ನೂ ನಾಳೆ ಒಪ್ಪುತ್ತೀಯಾ ಅಂತ ಅವರು. ಅವರ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಆದರೂ ಅಚ್ಚಿಗೆ ಹೋಗುವ ಪುಟವಾದ್ದರಿಂದ 'ಪ್ರಾಮುಖ್ಯ' ಅಂತಲೇ ಇಡಿ, ಯಾರ ತಕರಾರೂ ಇರಲ್ಲ. ನಿರಾಶೆಯೋ ನಿರಾಸೆಯೋ ಅಂತ ಮುಂದಿನ ಪುಟದಲ್ಲಿ ನೀವು ಪ್ರಶ್ನೆ ಚಿಹ್ನೆ ಹಾಕಿದ್ದೀರಿ. ನಿಯಮದ ಪ್ರಕಾರ 'ನಿರ್' ಸಂಸ್ಕೃತ, ಹಾಗಾಗಿ ನಿರಾಶೆ. ಅಚ್ಚಿನಲ್ಲಿ ಎರಡೂ ಸಿಗುತ್ತವೆ, ನಾನು ಶ-ಕಾರದ ಕಡೆ.

ಮಗಳು ಕವಿತಾಳ ನಾಮಕರಣದ ಆಮಂತ್ರಣದಲ್ಲಿ 'ಕವಿತಾಳ' ಅಂತ ಹಾಕಿಸಲೋ 'ಕವಿತೆಯ' ಅಂತಲೋ ಅಂತ ನಡುವೆ ಕೇಳಿದ ಅಕ್ಕನಿಗೆ: 'ಕವಿತಾಳ' ಅಂತಲೇ ಹಾಕಿಸಿ. ಸೀತಾ ಸೀತೆ ಆಗುತ್ತಾಳೆ, ಸೀತೆಗೆ, ಸೀತೆಯನ್ನು ಅಂತೀವಿ, ನಿಜ. ಆದರೆ ಈಗಿನ ಹೆಸರುಗಳಲ್ಲಿ ಆ-ಕಾರವನ್ನು ಮುಟ್ಟದೆ ಕವಿತಾಳಿಗೆ, ಕವಿತಾಳನ್ನು ಅಂತ ಬರೆಯುವುದೇ ರೂಢಿ. 'ಕವಿತೆಯ ನಾಮಕರಣ' ಅಂತ ಅಚ್ಚಾದರೆ ಬಂದವರು ಪದ್ಯಕ್ಕೆ ಹೆಸರಿಡುತ್ತಿದ್ದೀರಿ ಅಂದುಕೊಳ್ಳುತ್ತಾರೆ.