ಹೆಜ್ಜೆ ಸದ್ದಿಗೆ ಮೇಲೆ ಬರುವ ಮೀನುಗಳು

ಓದುಗರ ಪತ್ರ: ನಮ್ಮ ಮನೆಯ ಹಿಂದೆ ಒಂದು ಸಣ್ಣ ಕೊಳವಿದೆ. ಅದರಲ್ಲಿ ಗೋಲ್ಡ್ ಫಿಶ್, ಕೊಯ್ ಮೀನುಗಳಿವೆ. ಯಾರು ದಡಕ್ಕೆ ಹೋದರೂ ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ಬಿಡುತ್ತವೆ. ಬರಿಗೈಯಲ್ಲಿ ಹೋದರೂ ಅಷ್ಟೇ. ನಾವು ಬಂದದ್ದು ಅವಕ್ಕೆ ಹೇಗೆ ಗೊತ್ತಾಗುತ್ತದೆ? ಅವಕ್ಕೆ ನಿಜವಾಗಿಯೂ ಅಷ್ಟು ಹಸಿವೇ? ಪಾಪ ಅನ್ನಿಸಿ ನಾನು ಪ್ರತಿ ಸಲವೂ ಒಂದಿಷ್ಟು ಹಾಕಿಬಿಡುತ್ತೇನೆ.

ಸಂಪಾದಕರ ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ವಿಜ್ಞಾನಿ ಕೊಳದ ದಡದಲ್ಲೇ ನಿಂತು ಕೇಳಿದ್ದರು. ಅವರ ಕಥೆಯಿಂದಲೇ ಶುರು ಮಾಡುತ್ತೇನೆ.

ಆಸ್ಟ್ರಿಯಾದ ಕ್ರೆಮ್ಸ್‌ಮ್ಯೂನ್‌ಸ್ಟರ್ ಎಂಬ ಊರಿನ ಕ್ರೈಸ್ತ ಮಠದಲ್ಲಿ ಮೀನಿನ ಕೊಳಗಳಿವೆ. ಮೇವು ಹಾಕುವ ಮುಂಚೆ ಅಲ್ಲಿ ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿ ಮೀನುಗಳು ಬರುತ್ತವೆ ಎಂದು ಎಲ್ಲರೂ ನಂಬಿದ್ದರು. 1890ರ ದಶಕದಲ್ಲಿ ಆಲೋಯಿಸ್ ಕ್ರೈಡ್ಲ್ ಎಂಬ ವಿಜ್ಞಾನಿ ಅಲ್ಲಿಗೆ ಹೋಗಿ ಪರೀಕ್ಷೆ ಮಾಡಿದರು. ಗಂಟೆ ಬಾರಿಸದೆ ಸುಮ್ನೆ ದಡಕ್ಕೆ ಹೋದರೂ ಮೀನುಗಳು ಬಂದವು. ಮೀನುಗಳಿಗೆ ಕಾಣದ ಹಾಗೆ ನಿಂತು ಗಂಟೆ ಬಾರಿಸಿದರೆ ಬರಲಿಲ್ಲ. ಅಂದರೆ ಅವು ಕಾದಿದ್ದದ್ದು ಗಂಟೆಗಲ್ಲ, ನಡೆದು ಬರುವ ಮನುಷ್ಯನಿಗೆ. ಆತನ ಆಕಾರವನ್ನೂ ಹೆಜ್ಜೆಯ ಅದುರನ್ನೂ ಅವು ಹಿಡಿಯುತ್ತಿದ್ದವು.

ಇಷ್ಟಕ್ಕೇ ನಿಲ್ಲದೆ, ಮೀನಿಗೆ ಕಿವಿಯೇ ಕೇಳಿಸುವುದಿಲ್ಲ ಎಂದೂ ಕ್ರೈಡ್ಲ್ ತೀರ್ಮಾನಿಸಿದರು. ಅಲ್ಲಿ ಮಾತ್ರ ಅವರು ಎಡವಿದರು. 1923ರಲ್ಲಿ ಕಾರ್ಲ್ ಫಾನ್ ಫ್ರಿಶ್ ಎಂಬ ಇನ್ನೊಬ್ಬ ವಿಜ್ಞಾನಿ ಒಂದು ಕುರುಡು ಬೆಕ್ಕುಮೀನಿಗೆ ಮೇವು ಕೊಡುವಾಗಲೆಲ್ಲ ಶಿಳ್ಳೆ ಹಾಕಿದ ಪ್ರಯೋಗವನ್ನು ಪ್ರಕಟಿಸಿದರು. ಕೆಲವು ದಿನ ಕಳೆದ ಮೇಲೆ ಬರೀ ಶಿಳ್ಳೆಗೇ ಆ ಮೀನು ತನ್ನ ಅಡಗುತಾಣದಿಂದ ಹೊರಗೆ ಬಂತು. ಕಣ್ಣಿಲ್ಲದ ಮೀನು ಅದು. ಕೇಳಿಸದೆ ಇದ್ದಿದ್ದರೆ ಬರುತ್ತಿತ್ತಾ?

ನಿಮ್ಮ ಕೊಳದ ಮೀನುಗಳಿಗೂ ಕಿವಿ ಚುರುಕು. ಗೋಲ್ಡ್ ಫಿಶ್, ಕೊಯ್, ಬೆಕ್ಕುಮೀನು ಇವುಗಳ ಹೊಟ್ಟೆಯೊಳಗೆ ತೇಲುವುದಕ್ಕೆಂದು ಒಂದು ಗಾಳಿಚೀಲವಿದೆ. ಸದ್ದು ಬಂದಾಗ ಆ ಚೀಲ ಅದುರುತ್ತದೆ. ಅದರಿಂದ ತಲೆಯೊಳಗಿನ ಕಿವಿಗೆ ಪುಟ್ಟ ಮೂಳೆಗಳ ಸಾಲೊಂದಿದೆ, ಅದುರನ್ನು ಅದು ಕಿವಿಗೆ ಮುಟ್ಟಿಸುತ್ತದೆ. ಆದರೂ ದಡದಲ್ಲಿ ನಾವಾಡುವ ಮಾತು ಅವಕ್ಕೆ ತಲುಪುವುದು ತುಂಬಾ ಕಡಿಮೆ. ಗಾಳಿಯಲ್ಲಿ ಬರುವ ಸದ್ದು ನೀರಿಗೆ ಬಡಿದಾಗ ಅದರ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ, ಉಳಿದದ್ದೆಲ್ಲ ವಾಪಸ್ ಪುಟಿಯುತ್ತದೆ. ಹೆಜ್ಜೆಯ ದಾರಿ ಬೇರೆ. ಕಾಲಿಟ್ಟ ಅದುರು ನೆಲದಿಂದ ದಡಕ್ಕೆ, ದಡದಿಂದ ನೇರ ನೀರಿಗೆ ಇಳಿಯುತ್ತದೆ. ಹಾಗಾಗಿ ಕೂಗಿ ಕರೆಯುವುದಕ್ಕಿಂತ ಒಂದು ಸಲ ಕಾಲು ಕುಟ್ಟುವುದೇ ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಕಣ್ಣು. ನೀರಿನೊಳಗಿಂದ ಮೇಲೆ ನೋಡಿದರೆ ಹೊರಗಿನ ಜಗತ್ತೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ ಹೀಗಾಗುತ್ತದೆ. ಒಂದು ಮೀಟರ್ ಆಳದಲ್ಲಿರುವ ಮೀನಿಗೆ ಆ ಕಿಟಕಿ ಸುಮಾರು ಎರಡೂಕಾಲು ಮೀಟರ್ ಅಗಲ. ಅದರ ಆಚೆ ನೀರಿನ ಮೇಲ್ಮೈ ಕನ್ನಡಿಯಂತೆ ಕೊಳದ ತಳವನ್ನೇ ತೋರಿಸುತ್ತದೆ. ನೀವು ಹತ್ತು ಮೀಟರ್ ದೂರದಲ್ಲಿದ್ದಾಗ ಕಿಟಕಿಯ ಅಂಚಿನಲ್ಲಿ ಒತ್ತಿ ಹಿಡಿದ ತೆಳು ಗೆರೆಯ ಹಾಗೆ ಕಾಣುತ್ತೀರಿ. ಎರಡು ಮೀಟರ್ ಹತ್ತಿರಕ್ಕೆ ಬಂದಾಗ ಆ ಗೆರೆ ಎದ್ದು ನಿಂತು ದೊಡ್ಡ ಆಕಾರವಾಗುತ್ತದೆ. ಮೀನುಗಳು ದೂರದಿಂದ ಸುಮ್ಮನಿದ್ದು, ಹತ್ತಿರ ಬಂದ ಕೂಡಲೇ ಒಟ್ಟಿಗೆ ಮುಗಿಬೀಳುವುದಕ್ಕೆ ಇದೂ ಒಂದು ಕಾರಣ.

ಮುಖ್ಯವಾದ ವಿಷಯವೆಂದರೆ ಈ ಅದುರಿಗೂ ಆಕಾರಕ್ಕೂ ತಮ್ಮದೇ ಆದ ಅರ್ಥವಿಲ್ಲ. ಹೊಸದಾಗಿ ತಂದು ಬಿಟ್ಟ ಮೀನನ್ನು ನೋಡಿ. ನಿಮ್ಮ ನೆರಳು ಬಿದ್ದರೆ ಸಾಕು, ತಳಕ್ಕೆ ಓಡುತ್ತದೆ. ಅದಕ್ಕೆ ಆ ಆಕಾರ ಕೊಕ್ಕರೆಯೂ ಆಗಿರಬಹುದು. ಆಕಾರದ ಹಿಂದೆಯೇ ಮೇವು ಬೀಳುವುದು ಪದೇ ಪದೇ ನಡೆದಾಗ ಭಯ ಕರಗಿ, ಅದೇ ಗುರುತು ಊಟದ ಕರೆಯಾಗುತ್ತದೆ. ಹಳೆಯ ಮೀನುಗಳು ನುಗ್ಗುವುದನ್ನು ಕಂಡು ಹೊಸವು ಇನ್ನೂ ಬೇಗ ಕಲಿಯುತ್ತವೆ. ನಿಮ್ಮ ಮನೆಯಲ್ಲಿ ಬೇರೆ ಬೇರೆಯವರು ಮೇವು ಹಾಕುತ್ತಿದ್ದರೆ ಅವು ಕಲಿತದ್ದು ಒಬ್ಬರ ಮುಖವನ್ನಲ್ಲ, 'ದಡದಲ್ಲಿ ಎತ್ತರದ ಆಕಾರ' ಎನ್ನುವುದನ್ನು. ಅದಕ್ಕೇ ಯಾರು ಹೋದರೂ ಬರುತ್ತವೆ.

ಬರಿಗೈಯಲ್ಲಿ ಹೋದರೂ ಏಕೆ ಬರುತ್ತವೆ ಎಂಬುದಕ್ಕೆ ಉತ್ತರ ನಿಮ್ಮ ಪತ್ರದ ಕೊನೇ ಸಾಲಿನಲ್ಲೇ ಇದೆ. ನೀವು ಹೋದಾಗ ಸಿಗುತ್ತದೆ, ಬೇರೆಯವರು ಬರಿಗೈಯಲ್ಲಿ ಹೋದಾಗ ಸಿಗುವುದಿಲ್ಲ. ಹೀಗೆ ಕಲಿತದ್ದು ಸುಲಭವಾಗಿ ಮರೆಯುವುದಿಲ್ಲ. ಪ್ರತಿ ಸಲವೂ ಸಿಗುತ್ತಿದ್ದು ಒಮ್ಮೆಲೇ ನಿಂತುಹೋದರೆ ಮೀನು ಬೇಗ ಬಿಟ್ಟುಬಿಡುತ್ತದೆ. ಆಗಾಗ ಸಿಗುತ್ತಿದ್ದರೆ ಹತ್ತು ಸಲ ಖಾಲಿ ಹೋದರೂ ಹನ್ನೊಂದನೆಯ ಸಲ ಬರುತ್ತದೆ.

ಹಾಗಾದರೆ ಹಸಿವೇ? ಅಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಗೋಲ್ಡ್ ಫಿಶ್‌ಗೂ ಕೊಯ್‌ಗೂ ನಮ್ಮ ಹಾಗೆ ಜಠರವಿಲ್ಲ, ಬಾಯಿಂದ ಇಳಿದದ್ದು ನೇರ ಕರುಳಿಗೆ ಹೋಗುತ್ತದೆ. ಒಮ್ಮೆ ತಿಂದು ಕೂಡಿಡುವ ಜಾಗವಿಲ್ಲದ್ದರಿಂದ ಇವು ದಿನವಿಡೀ ಒಂದೊಂದು ತುತ್ತು ಹುಡುಕುತ್ತಾ ಇರುವ ಜೀವಿಗಳು. ಈಗಷ್ಟೇ ತಿಂದ ಮೀನೂ ಬಾಯಿ ಬಿಟ್ಟುಕೊಂಡು ಬರುತ್ತದೆ. ನೀವು ಪ್ರತಿ ಸಲವೂ ಹಾಕಿದ್ದರಲ್ಲಿ ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ತಿಂದದ್ದರಿಂದಲೂ ಕಿವಿರುಗಳ ಮೂಲಕ ಅಮೋನಿಯಾ ನೀರಿಗೆ ಸೇರುತ್ತದೆ. ಸಣ್ಣ ಕೊಳದಲ್ಲಿ ಮೀನನ್ನು ಕೊಲ್ಲುವುದು ಹಸಿವಿಗಿಂತ ಹೆಚ್ಚಾಗಿ ಇದೇ. ದಯವಿಟ್ಟು ಹೊತ್ತು ಗೊತ್ತು ಮಾಡಿಕೊಂಡು, ಐದು ನಿಮಿಷದಲ್ಲಿ ಖಾಲಿಯಾಗುವಷ್ಟೇ ಹಾಕಿ.

ಬಾಯಿ ಬಿಡುವುದರಲ್ಲಿ ಇನ್ನೊಂದು ಬಗೆಯೂ ಇದೆ. ನೀರಿನಲ್ಲಿ ಆಮ್ಲಜನಕ ಕಮ್ಮಿಯಾದಾಗಲೂ ಮೀನು ಮೇಲೆ ಬಂದು ಬಾಯಿ ಆಡಿಸುತ್ತದೆ. ರಾತ್ರಿಯೆಲ್ಲ ಪಾಚಿ, ಗಿಡಗಳೂ ಆಮ್ಲಜನಕ ಬಳಸುವುದರಿಂದ ನಸುಕಿನಲ್ಲಿ ಈ ಕಷ್ಟ ಜಾಸ್ತಿ. ಮೇವಿಗೆ ಬಂದ ಮೀನುಗಳು ನಿಮ್ಮ ಕಡೆಯ ದಡದಲ್ಲೇ ಗುಂಪಾಗುತ್ತವೆ. ನೀವು ಆಚೆ ಹೋದರೆ ಹಿಂದೆಯೇ ಬರುತ್ತವೆ, ಸ್ವಲ್ಪ ಹೊತ್ತಿನಲ್ಲಿ ಬೇಸತ್ತು ಕೆಳಗಿಳಿಯುತ್ತವೆ. ಉಸಿರಿಗೆ ಒದ್ದಾಡುವ ಮೀನುಗಳು ನಿಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೊಳದ ತುಂಬಾ ಚದುರಿ, ಇಲ್ಲವೇ ನೀರು ಬೀಳುವ ಕಡೆ ಸೇರಿ, ಮೇಲೆಯೇ ಉಳಿಯುತ್ತವೆ. ಮೇವು ಹಾಕಿದರೂ ಮುಟ್ಟುವುದಿಲ್ಲ.

ದಡಕ್ಕೆ ಹೋದ ಮೇಲೆ ಈ ಎರಡನ್ನೂ ಬಿಡಿಸಿ ನೋಡುವುದು ಕಷ್ಟ, ಯಾಕೆಂದರೆ ನಿಮ್ಮ ಹೆಜ್ಜೆಯೇ ಅವನ್ನು ಮೇಲೆ ಕರೆದಿರುತ್ತದೆ. ಅದಕ್ಕೇ ನಾಳೆ ಬೆಳಕು ಹರಿಯುವ ಹೊತ್ತಿಗೆ ಮನೆಯ ಕಿಟಕಿಯಿಂದಲೋ ದೂರದ ಗೋಡೆಯ ಮರೆಯಿಂದಲೋ ಕೊಳವನ್ನು ಒಮ್ಮೆ ನೋಡಿ. ನೀವು ಹೋಗುವ ಮೊದಲೇ ಮೀನುಗಳು ಮೇಲೆ ಬಾಯಿ ಆಡಿಸುತ್ತಿದ್ದರೆ ಮೇವಿನ ಡಬ್ಬ ಒಳಗಿಟ್ಟು, ಕಾರಂಜಿಯನ್ನೋ ಗಾಳಿ ಪಂಪನ್ನೋ ಕೂಡಲೇ ಹಚ್ಚಿ.