07/06 ಅಂದ್ರೆ ಯಾವ ದಿನ?

"ಅಮೆರಿಕಕ್ಕೆ ಬಂದು ಮೂರು ವಾರ ಆಯ್ತು. ಇಲ್ಲಿ ತಿಂಗಳನ್ನು ಮೊದಲು ಬರೀತಾರೆ, ನನಗೆ ದಿನ ಮೊದಲು ಬರೆದೇ ಅಭ್ಯಾಸ. ಮೇಲ್‌ನಲ್ಲಿ, ಫಾರ್ಮ್‌ನಲ್ಲಿ ಎಲ್ಲ ಕಡೆ ಗೊಂದಲ. ನೀವೆಲ್ಲ ಹೇಗೆ ಬರೀತೀರಿ?"

ಬಂದ ಹೊಸದರಲ್ಲಿ ನಾನೂ ಇಲ್ಲೇ ಎಡವಿದ್ದೆ. ಮನೆ ಬದಲಿಸುವಾಗ ಸಾಮಾನು ಸಾಗಿಸುವವರಿಗೆ 07/06 ಅಂತ ಬರೆದು ಕಳಿಸಿದೆ. ನನ್ನ ಮನಸ್ಸಿನಲ್ಲಿದ್ದದ್ದು ಜೂನ್ 7. ಅವರು ಜುಲೈ 6 ಅಂತ ಓದಿಕೊಂಡು "ಸರಿ, ಬರ್ತೀವಿ" ಅಂದರು. ಜೂನ್ 7ರ ಬೆಳಿಗ್ಗೆ ಡಬ್ಬಗಳನ್ನೆಲ್ಲ ಬಾಗಿಲ ಹತ್ತಿರ ಜೋಡಿಸಿಟ್ಟು ಕಾಯುತ್ತಾ ಕೂತೆ. ಲಾರಿ ಬರಲೇ ಇಲ್ಲ.

ದಿನ 12 ದಾಟಿದರೆ ತೊಂದರೆ ಇಲ್ಲ. 25/08 ಅಂದರೆ ಯಾರಿಗಾದರೂ ಆಗಸ್ಟ್ 25 ಅಂತಲೇ ಗೊತ್ತಾಗುತ್ತದೆ, 25ನೇ ತಿಂಗಳು ಇಲ್ವಲ್ಲ. ಕಷ್ಟ ಇರುವುದು ಪ್ರತಿ ತಿಂಗಳ ಮೊದಲ 12 ದಿನಗಳಲ್ಲಿ. ಅದರಲ್ಲಿ 05/05 ಥರದವನ್ನು ಬಿಟ್ಟರೂ ವರ್ಷಕ್ಕೆ 132 ದಿನಗಳನ್ನು ಎರಡು ರೀತಿ ಓದಬಹುದು. ಎರಡೂ ಸರಿಯಾದ ತಾರೀಖಿನ ಹಾಗೇ ಕಾಣುತ್ತವೆ, ಹಾಗಾಗಿ ಓದುವವರಿಗೆ ಅನುಮಾನವೇ ಬರುವುದಿಲ್ಲ.

ಆಮೇಲಿಂದ ನಾನು ಜನರಿಗೆ ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೀತೀನಿ, ವಾರವನ್ನೂ ಸೇರಿಸ್ತೀನಿ: `Sat, 7 Jun 2025`. ವಾರ ಸೇರಿಸಿದರೆ ನನ್ನ ತಪ್ಪೂ ಸಿಕ್ಕಿಬೀಳುತ್ತದೆ. ಜುಲೈ 6 ಆ ವರ್ಷ ಭಾನುವಾರ, ಹಾಗಾಗಿ ಎರಡೂ ಹೊಂದದೇ ಇದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಫೈಲಿನ ಹೆಸರಿಗೆ, ಪಟ್ಟಿಗಳಿಗೆ `2025-06-07`. ವರ್ಷ, ತಿಂಗಳು, ದಿನ. ISO 8601 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಕ್ರಮ ಇದೇ. ಫೈಲುಗಳು ತಾವೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಆದರೆ ಫಾರ್ಮ್‌ನಲ್ಲಿ `MM/DD/YYYY` ಅಂತ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ. ಅಲ್ಲಿ ನಮ್ಮ ಕ್ರಮ ಬೇಡ.

ಎಕ್ಸೆಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಅಲ್ಲಿ ತಪ್ಪು ಸದ್ದಿಲ್ಲದೆ ಆಗುತ್ತದೆ. ದಿನ ಮೊದಲು ಬರೆದ CSV ಫೈಲನ್ನು ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ತೆರೆದಿರಿ ಅನ್ನಿ.

```
05/08/2025
25/08/2025
```

ಮೊದಲನೆಯದು ಆಗಸ್ಟ್ 5 ಹೋಗಿ ಮೇ 8 ಆಗಿಬಿಡುತ್ತದೆ. ಎರಡನೆಯದು ತಾರೀಖಾಗಿ ಹೊಂದದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಗುರುತು ಹಿಡಿಯುವುದು ಸುಲಭ: ತಾರೀಖುಗಳು ಕೋಶದ ಬಲಕ್ಕೆ ಅಂಟಿರುತ್ತವೆ, ಅಕ್ಷರಗಳು ಎಡಕ್ಕೆ. ಒಂದೇ ಕಾಲಮ್ಮಿನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಇದ್ದರೆ ಬಲಕ್ಕಿರುವವೇ ತಿರುವುಮುರುವಾಗಿವೆ ಅಂತ ತಿಳಿಯಿರಿ. ಆಗ ಸುಮ್ನೆ ಫಾರ್ಮ್ಯಾಟ್ ಬದಲಿಸಿದರೆ ಸರಿಹೋಗಲ್ಲ, ಒಳಗೆ ಮೇ 8 ಅಂತಲೇ ಕೂತಿರುತ್ತದೆ. ಮೂಲ ಫೈಲನ್ನು ಮತ್ತೆ ಇಂಪೋರ್ಟ್ ಮಾಡಿ, ಆ ಕಾಲಮ್ಮಿಗೆ `DMY` ಆರಿಸಿಕೊಳ್ಳಬೇಕು.

ಸಮಯಕ್ಕೆ 24 ಗಂಟೆಯ ಲೆಕ್ಕ ಇಟ್ಟುಕೊಳ್ಳಿ. `12 am` ಮಧ್ಯರಾತ್ರಿಯೋ ಮಧ್ಯಾಹ್ನವೋ ಅಂತ ಇಲ್ಲೇ ಹುಟ್ಟಿದವರೂ ತಡವರಿಸುತ್ತಾರೆ. ಕೊನೆಯ ಗಡುವನ್ನು "ಶುಕ್ರವಾರ ಮಧ್ಯರಾತ್ರಿ" ಅನ್ನಬೇಡಿ, ಶುಕ್ರವಾರ `23:59` ಅನ್ನಿ. ಊರಿನವರ ಜೊತೆ ಕರೆ ಗೊತ್ತುಮಾಡುವಾಗ `IST` ಅಂತ ಬರೆದು ಬಿಡಬೇಡಿ, ಐರ್ಲೆಂಡ್, ಇಸ್ರೇಲ್‌ನವರಿಗೂ ಅದು ಅವರದೇ ಸಮಯ. "ಭಾರತದ ಸಮಯ 20:30, UTC+5:30" ಅಂದರೆ ಸಾಕು.

ಹಣದ ವಿಷಯದಲ್ಲಿ ಎರಡು ಕಡೆ ಜಾಗ್ರತೆ ಬೇಕು. ಡಾಲರ್ ಚಿಹ್ನೆ ಕೆನಡಾ, ಆಸ್ಟ್ರೇಲಿಯಾ, ಸಿಂಗಪುರದಲ್ಲೂ ಇದೆ, ಅದಕ್ಕೇ `USD`, `CAD`, `INR` ಅಂತ ಬರೆಯಿರಿ. ಇನ್ನೊಂದು ಚುಕ್ಕೆ, ಅಲ್ಪವಿರಾಮದ್ದು. ಜರ್ಮನಿಯವರಿಗೆ 1.500 ಅಂದರೆ ಒಂದೂವರೆ ಸಾವಿರ, ನಮಗೆ ಒಂದೂವರೆ. ಕೊನೆಯಲ್ಲಿ ಪೈಸೆಯ ಎರಡು ಅಂಕಿ ಸೇರಿಸಿ `USD 1,500.00` ಅಂದರೆ ಯಾವುದು ಸಾವಿರದ ಗುರುತು, ಯಾವುದು ದಶಮಾಂಶ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಲಕ್ಷದ ಲೆಕ್ಕವನ್ನೂ ಇಲ್ಲಿ ಬಳಸಬೇಡಿ. 12,50,000 ನೋಡಿದರೆ ಒಂದು ಸೊನ್ನೆ ಬಿಟ್ಟುಹೋಗಿದೆ ಅಂತ ತಿಳಿಯುವವರಿದ್ದಾರೆ. 1,250,000 ಅಂತ ಬರೆದು ಪಕ್ಕದಲ್ಲಿ ಅಕ್ಷರದಲ್ಲೂ ಬರೆಯಿರಿ.

ಅಳತೆಗಳಲ್ಲಿ ಒಂದೇ ಒಂದು ಹೇಳ್ತೀನಿ, ಮಕ್ಕಳಿರುವವರು ಮರೀಬೇಡಿ. ಮಗುವಿನ ಔಷಧದ ಪ್ರಮಾಣವನ್ನು ಹೆಚ್ಚಾಗಿ ತೂಕ ನೋಡಿ ಲೆಕ್ಕ ಹಾಕುತ್ತಾರೆ. ಇಲ್ಲಿನ ಮನೆಯ ತಕ್ಕಡಿ ಪೌಂಡಿನಲ್ಲಿ 22 ತೋರಿಸಿದರೆ ಅದು ಸುಮಾರು 10 ಕಿಲೋ. ಬರೀ "22" ಅಂತ ಹೇಳಿ, ಕೇಳಿದವರು ಕಿಲೋ ಅಂದುಕೊಂಡರೆ ಪ್ರಮಾಣ ಎರಡು ಪಟ್ಟು ದಾಟುತ್ತದೆ. ಫೋನಿನಲ್ಲಾಗಲಿ, ಚೀಟಿಯಲ್ಲಾಗಲಿ "10 ಕಿಲೋ, ಅಂದರೆ 22 ಪೌಂಡು" ಅಂತ ಎರಡನ್ನೂ ಹೇಳಿ.