ಒಂದೇ ಚೀಲದ ಮೆಣಸಿಗೆ ಎರಡು ತೇವಾಂಶ!

ಪ್ರಶ್ನೆ: ಫೋಂಡಾದಲ್ಲಿ ನನ್ನದೊಂದು ಸಣ್ಣ ಮಸಾಲೆ ಘಟಕ ಇದೆ ಸಾರ್. ಕಾಳುಮೆಣಸು ಶಿರಸಿಯಿಂದ ತರಿಸ್ತೀನಿ. ಒಂದೇ ಚೀಲದ ಪುಡಿಗೆ ನಮ್ಮ ಓವನ್‌ನಲ್ಲಿ 105 ಡಿಗ್ರಿಗೆ ಇಟ್ಟಾಗ ತೇವಾಂಶ 13.6% ಬಂತು. ಪುಣೆಯ ಲ್ಯಾಬ್‌ನವರು ಕುಲೋಮೆಟ್ರಿಕ್ ಟೈಟ್ರೇಶನ್ ಮಾಡಿ 11.3% ಅಂತ ಕೊಟ್ಟಿದ್ದಾರೆ. ಖರೀದಿದಾರರ ಮಿತಿ 12%. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಓವನ್ ಕೆಟ್ಟಿಲ್ಲ. ಅದು ಅಳೆಯುವುದು ನೀರನ್ನಲ್ಲ, ತೂಕದ ಇಳಿಕೆಯನ್ನು. ಬಿಸಿಗೆ ಏನೇ ಹಾರಿಹೋದರೂ ಅದರ ಲೆಕ್ಕದಲ್ಲಿ ನೀರೇ. ಕಾಳುಮೆಣಸಿನಲ್ಲಿ ಸಾಮಾನ್ಯವಾಗಿ 2ರಿಂದ 4% ಆವಿಯಾಗುವ ಎಣ್ಣೆ ಇರುತ್ತದೆ. ಒಣಗಿಸುವಾಗ ಓವನ್ ಬಾಗಿಲು ತೆರೆದು ನೋಡಿ, ಮೂಗಿಗೆ ಅಡರುವ ಘಾಟು ಆ ಎಣ್ಣೆಯದೇ. ಇನ್ನೊಂದು ಗುರುತೂ ಇದೆ. ಗೋಧಿ ಹಿಟ್ಟನ್ನು ಇಟ್ಟರೆ ತೂಕ ಇಳಿದು ಒಂದು ಹಂತದಲ್ಲಿ ನಿಂತುಬಿಡುತ್ತದೆ. ಮೆಣಸಿನ ಪುಡಿ ಮೂರು ಗಂಟೆಗೆ ಒಂದು ತೂಕ, ಐದು ಗಂಟೆಗೆ ಇನ್ನೂ ಕಡಿಮೆ ತೋರಿಸುತ್ತದೆ. ಹಾಗೆ ಇಳಿಯುತ್ತಲೇ ಇದ್ದರೆ ಹೋಗುತ್ತಿರುವುದು ನೀರೊಂದೇ ಅಲ್ಲ. ಅಕ್ಕಿ, ಗೋಧಿಗೆ ಓವನ್ ಸಾಕು. ನಾನಾದರೂ ಅವುಗಳಿಗೆ ಟೈಟ್ರೇಶನ್ ಖರ್ಚು ಮಾಡಿಸುವುದಿಲ್ಲ.

ಲ್ಯಾಬ್‌ನವರು ಮಾಡಿದ್ದು ಕಾರ್ಲ್ ಫಿಷರ್ ವಿಧಾನ. ಅಲ್ಲಿ ನೀರಿನ ಒಂದೊಂದು ಅಣುವಿಗೂ ಅಯೋಡಿನ್‌ನ ಒಂದೊಂದು ಅಣು ಖರ್ಚಾಗುತ್ತದೆ. ಕುಲೋಮೆಟ್ರಿಕ್ ಯಂತ್ರ ಆ ಅಯೋಡಿನ್ನನ್ನು ಕೋಶದೊಳಗೇ ವಿದ್ಯುತ್ತಿನಿಂದ ಹುಟ್ಟಿಸಿಕೊಳ್ಳುತ್ತದೆ. ಒಂದು ಮಿಲಿಗ್ರಾಂ ನೀರಿಗೆ ಸುಮಾರು 10.7 ಕೂಲಂಬ್ ವಿದ್ಯುತ್ ಬೇಕು. ಹರಿದ ವಿದ್ಯುತ್ತನ್ನು ಲೆಕ್ಕ ಹಾಕಿದರೆ ನೀರು ಎಷ್ಟೆಂದು ಸಿಕ್ಕಿತು. ಮೆಣಸಿನೆಣ್ಣೆಯ ಬಹುಭಾಗ ಟರ್ಪೀನ್‌ಗಳು, ಅವು ಇದರಲ್ಲಿ ಅಷ್ಟಾಗಿ ಕೈ ಹಾಕುವುದಿಲ್ಲ. ಹಾಗಾಗಿ 11.3ರ ಕಡೆಗೇ ನನ್ನ ಒಲವು. ಆದರೆ ಲ್ಯಾಬ್‌ಗೆ ಒಂದು ಮಾತು ಕೇಳಿದ ಮೇಲೆ: ಪುಡಿಯನ್ನು ಕೋಶಕ್ಕೆ ಹೇಗೆ ಹಾಕಿದಿರಿ?

ಏಕೆಂದರೆ ಈ ಯಂತ್ರ ಇರುವುದೇ ಅತ್ಯಲ್ಪ ನೀರಿಗೆ. ಒಂದೆರಡು ಮಿಲಿಗ್ರಾಂ ನೀರು ಅದಕ್ಕೆ ಹಿತ. ನೇರವಾಗಿ ಪುಡಿ ಹಾಕುವುದಾದರೆ ನಿಮ್ಮ ಮೆಣಸು ಹತ್ತು ಮಿಲಿಗ್ರಾಂ ಸಾಕಾಗುತ್ತದೆ. ಅಷ್ಟರಲ್ಲಿ ಸಿಪ್ಪೆಯ ಚೂರು ಎಷ್ಟು, ಒಳತಿರುಳು ಎಷ್ಟು ಎಂಬುದು ಅದೃಷ್ಟದ ಮಾತು. ಅಷ್ಟು ಪುಡಿ ಇಡೀ ಚೀಲದ ಪರವಾಗಿ ಸಾಕ್ಷಿ ಹೇಳಲಾರದು. ಪುಡಿ ಹಾಕಲು ಮುಚ್ಚಳ ತೆಗೆದಾಗ ಮಳೆಗಾಲದ ಹಸಿ ಗಾಳಿಯೂ ಒಳಗೆ ಹೊಕ್ಕುಬಿಡುತ್ತದೆ.

ಸರಿಯಾದ ದಾರಿ ನೀರನ್ನು ಮೊದಲು ಮೆಥನಾಲ್‌ಗೆ ಇಳಿಸಿಕೊಳ್ಳುವುದು. ನಿಮ್ಮ ಪುಡಿಯನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ಒಂದು ಗ್ರಾಂ ಪುಡಿಯನ್ನು 50 ಮಿಲಿ ಒಣ ಮೆಥನಾಲ್‌ನೊಂದಿಗೆ ಬಿಗಿ ಮುಚ್ಚಳದ ಬಾಟಲಿಯಲ್ಲಿ ಕುಲುಕಿ, ತಿಳಿಯಾದ ಮೇಲೆ ಅರ್ಧ ಮಿಲಿ ಸಿರಿಂಜ್‌ನಲ್ಲಿ ಎಳೆದು ಕೋಶಕ್ಕೆ ಚುಚ್ಚಿದರು. ಯಂತ್ರ 1.23 ಮಿಲಿಗ್ರಾಂ ತೋರಿಸಿತು ಅನ್ನಿ. ಇನ್ನೊಂದು ಬಾಟಲಿಯಲ್ಲಿ ಪುಡಿಯಿಲ್ಲದ ಮೆಥನಾಲ್ ಮಾತ್ರ ಹಾಕಿ ಹಾಗೆಯೇ ಕುಲುಕಿದ್ದರಲ್ಲಿ ಅರ್ಧ ಮಿಲಿಗೆ 0.10 ಬಂತು. ಕಳೆದರೆ 1.13. 50 ಮಿಲಿಯಲ್ಲಿ ಅಂಥ ಅರ್ಧ ಮಿಲಿಗಳು ನೂರು, ಅಂದರೆ ಒಂದು ಗ್ರಾಂ ಪುಡಿಯಲ್ಲಿ 113 ಮಿಲಿಗ್ರಾಂ ನೀರು, 11.3%.

ಖಾಲಿ ಬಾಟಲಿಯ ಅಳತೆ ಮರೆತಿದ್ದರೆ? 12.3%. ನಿಮ್ಮ ಮಾಲು ಸುಮ್ಮನೆ ವಾಪಸ್ಸು ಬರುತ್ತಿತ್ತು. ಮೆಥನಾಲ್ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಗೋವಾದಲ್ಲಾಗಲಿ ಮುಂಬಯಿಯಲ್ಲಾಗಲಿ ಜುಲೈನಲ್ಲಿ ಬೆಳಿಗ್ಗೆ ಮಾಡಿದ ಖಾಲಿ ಅಳತೆಯನ್ನು ಸಂಜೆಗೆ ಬಳಸಬಾರದು, ಪ್ರತಿ ಸಲದ ಮಾದರಿಗಳಿಗೂ ಹೊಸದು ಬೇಕು.

ಎದುರು ದಿಕ್ಕಿನ ತಪ್ಪೂ ಆಗಬಹುದು. ಕುಲುಕಿದ್ದು ಸಾಲದಿದ್ದರೆ ಕಣಗಳೊಳಗಿನ ನೀರು ಅಲ್ಲೇ ಉಳಿದು, ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ. ಅರ್ಧ ಗಂಟೆಗೂ ಒಂದು ಗಂಟೆಗೂ ಬಂದ ಅಂಕಿ ಒಂದೇ ಇದೆಯೇ ಎಂದು ಕೇಳಿ. ಏರಿದ್ದರೆ ಕೆಲಸ ಅರ್ಧಕ್ಕೇ ನಿಂತಿದೆ.

ಅಂದಹಾಗೆ ಜೀರಿಗೆ, ಚಕ್ಕೆ ಕಳಿಸುವಾಗ ಹೆಸರು ಹೇಳಿಯೇ ಕಳಿಸಿ. ಅವುಗಳ ಎಣ್ಣೆಯಲ್ಲಿ ಆಲ್ಡಿಹೈಡ್‌ಗಳಿವೆ. ಅವು ಮೆಥನಾಲ್ ಜೊತೆ ಸೇರಿ ಹೊಸದಾಗಿ ನೀರು ಹುಟ್ಟಿಸುತ್ತವೆ, ಯಂತ್ರದ ಡ್ರಿಫ್ಟ್, ಅಂದರೆ ಅಳತೆ ಮುಗಿದ ಮೇಲೂ ಅದು ಎಣಿಸುತ್ತಲೇ ಇರುವ ನೀರು, ಇಳಿಯುವುದೇ ಇಲ್ಲ. ಅದಕ್ಕೆ ಮೆಥನಾಲ್ ಇಲ್ಲದ ಬೇರೆ ರೀಏಜೆಂಟ್ ಬೇಕು.

ಖರೀದಿದಾರರ ಜೊತೆ ತಕರಾರು ಬಂದರೆ ಟೊಲುವಿನ್ ಬಟ್ಟಿ ಇಳಿಸುವ ವಿಧಾನಕ್ಕೆ ಒಪ್ಪಿಸಿ. ಮಸಾಲೆಗೆಂದೇ ಇರುವ ISO 939 ಹೇಳುವುದೂ ಅದನ್ನೇ. ಎಣ್ಣೆ ಟೊಲುವಿನ್‌ನಲ್ಲೇ ಕರಗಿ ಉಳಿಯುತ್ತದೆ, ನೀರು ಮಾತ್ರ ಗೆರೆ ಹಾಕಿದ ಕೊಳವೆಯ ತಳಕ್ಕೆ ಇಳಿಯುತ್ತದೆ. ಮುಂದಿನ ಆರ್ಡರ್‌ನಲ್ಲಿ ‘ತೇವಾಂಶ 12%’ ಎಂಬುದರ ಪಕ್ಕದಲ್ಲೇ ವಿಧಾನದ ಹೆಸರನ್ನೂ ಬರೆಸಿಕೊಳ್ಳಿ. ನಿಮ್ಮ ಓವನ್ ಅನ್ನು ದಿನನಿತ್ಯದ ತಪಾಸಣೆಗೆ ಇಟ್ಟುಕೊಳ್ಳಬಹುದು. ಆದರೆ ಮೆಣಸಿಗೆ ಅದು ತೋರಿಸುವ 13.6ನ್ನು ಬಿಲ್ಲಿನ ಜೊತೆ ಕಳಿಸಬೇಡಿ.